ಪ್ರವಾಸದ ಆಯವ್ಯಯ: ಸ್ಪ್ರೆಡ್‌ಶೀಟಿನಲ್ಲಿ ದರಕೋಷ್ಟಕ ಮತ್ತು ಪರಿವರ್ತನಾ ಸೂತ್ರಗಳು

ಭೌತಶಾಸ್ತ್ರದ ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ 5 ಮೀಟರಿಗೆ 3 ಸೆಕೆಂಡನ್ನು ಕೂಡಿಸಿ 8 ಎಂದು ಬರೆದರೆ ನಾವು ಅಂಕ ಕೊಡುವುದಿಲ್ಲ. ಏಕಮಾನ ಬೇರೆಯಾದ ಎರಡು ಪರಿಮಾಣಗಳನ್ನು ಕೂಡಿಸುವುದಕ್ಕೆ ಅರ್ಥವೇ ಇಲ್ಲ ಎಂದು ಅವನಿಗೆ ಹೇಳಿಕೊಟ್ಟಿರುತ್ತೇವೆ. ಆದರೆ ಸ್ಪ್ರೆಡ್‌ಶೀಟಿಗೆ ಏಕಮಾನಗಳ ಅರಿವಿಲ್ಲ. ಒಂದು ಸೆಲ್‌ನಲ್ಲಿ 90 ಯೂರೋ, ಅದರ ಕೆಳಗಿನದರಲ್ಲಿ 30 ಫ್ರಾಂಕ್, ಅದರ ಕೆಳಗೆ 1,500 ರೂಪಾಯಿ ಇದ್ದರೂ ಅದು ಯಾವ ತಕರಾರೂ ಮಾಡದೆ 1,620 ಎಂದು ಕೂಡಿಸಿ ಕೊಡುತ್ತದೆ. ಹೊರದೇಶದ ಪ್ರವಾಸಕ್ಕೆ ಲೆಕ್ಕ ಹಾಕುವಾಗ ಈ ಏಕಮಾನಗಳ ಜವಾಬ್ದಾರಿಯನ್ನು ನಾವೇ ಹೊರಬೇಕು. ಅದನ್ನು ಹೊರುವ ಸರಳ ಸಾಧನವೇ ದರಕೋಷ್ಟಕ.

ಒಂದು ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ಒಂದು ಕಾಲೇಜಿನ 10 ವಿದ್ಯಾರ್ಥಿಗಳು ಮತ್ತು 2 ಶಿಕ್ಷಕರು ಜಿನೀವಾದ ಬಳಿಯ ಸೆರ್ನ್ ಕಣಭೌತಶಾಸ್ತ್ರ ಪ್ರಯೋಗಾಲಯವನ್ನು ನೋಡಲು ಹೊರಟಿದ್ದಾರೆ ಎಂದುಕೊಳ್ಳಿ. ಭಾರತವು 2017ರಿಂದ ಸೆರ್ನ್‌ನ ಸಹ ಸದಸ್ಯ ರಾಷ್ಟ್ರ. ಆದ್ದರಿಂದ ಇಂಥ ಪ್ರವಾಸ ನಮ್ಮ ಕಾಲೇಜುಗಳಿಗೆ ತೀರ ದೂರದ ಮಾತಲ್ಲ. ನಮ್ಮ ಲೆಕ್ಕಕ್ಕೆ ಈ ಜಾಗ ಇನ್ನೊಂದು ಕಾರಣಕ್ಕೂ ಒಪ್ಪುತ್ತದೆ. ಸೆರ್ನ್ ನೆಲೆಸಿರುವುದು ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಮೇಲೆ. ಫ್ರಾನ್ಸಿನ ಬದಿಯಲ್ಲಿ ತಂಗಿದರೆ ವಸತಿಯ ಬಾಡಿಗೆ ಯೂರೋದಲ್ಲಿ. ಗಡಿ ದಾಟಿ ಜಿನೀವಾದಲ್ಲಿ ಊಟ ಮಾಡಿದರೆ, ಟ್ರಾಮ್ ಹತ್ತಿದರೆ ಫ್ರಾಂಕ್‌ನಲ್ಲಿ. ವಿಮಾನದ ಟಿಕೆಟ್ಟು ರೂಪಾಯಿಯಲ್ಲಿ. ಹೀಗೆ ಒಂದೇ ದಿನದ ಖರ್ಚಿನಲ್ಲಿ ಎರಡು ಪರದೇಶದ ಹಣಗಳು ಬರುತ್ತವೆ. ಹೊರಡುವುದಕ್ಕೆ ಹಲವು ತಿಂಗಳ ಮೊದಲೇ ಪ್ರತಿ ಮನೆಯಿಂದ ಎಷ್ಟು ಹಣ ಕೇಳಬೇಕೆಂದು ಶಿಕ್ಷಕರು ತೀರ್ಮಾನಿಸಬೇಕು. ಕಡಿಮೆ ಕೇಳಿದರೆ ಜಿನೀವಾದಲ್ಲಿ ಕೈ ಖಾಲಿಯಾಗುತ್ತದೆ. ಹೆಚ್ಚು ಕೇಳಿದರೆ ಒಂದಿಬ್ಬರು ಮಕ್ಕಳು ಬರುವುದನ್ನೇ ಬಿಡಬಹುದು.

ದರಕ್ಕೆ ಒಂದೇ ದಿಕ್ಕು

ಹೊಸ ಸ್ಪ್ರೆಡ್‌ಶೀಟ್ ತೆರೆದು ಅದರಲ್ಲಿ ಎರಡು ಹಾಳೆಗಳನ್ನು ಮಾಡಿಕೊಳ್ಳಿ. ಒಂದಕ್ಕೆ `Rates`, ಇನ್ನೊಂದಕ್ಕೆ `Budget` ಎಂದು ಹೆಸರಿಡಿ. ವಿನಿಮಯ ದರಗಳೆಲ್ಲ ಮೊದಲನೆಯದರಲ್ಲಿ ಮಾತ್ರ ಇರಬೇಕು. ಎರಡನೆಯ ಹಾಳೆಯ ಯಾವ ಸೂತ್ರದಲ್ಲೂ ದರದ ಸಂಖ್ಯೆಯನ್ನು ನೇರವಾಗಿ ಬರೆಯಬಾರದು.

ದರವನ್ನು ಎರಡು ರೀತಿಯಲ್ಲಿ ಹೇಳಬಹುದು. ‘ಒಂದು ಫ್ರಾಂಕ್‌ಗೆ 110 ರೂಪಾಯಿ’ ಎನ್ನಬಹುದು, ಅಥವಾ ‘ಒಂದು ರೂಪಾಯಿಗೆ 0.00909 ಫ್ರಾಂಕ್’ ಎನ್ನಬಹುದು. ಗಣಿತದಲ್ಲಿ ಎರಡೂ ಒಂದೇ. ಆದರೆ ಕೋಷ್ಟಕದಲ್ಲಿ ಒಂದೇ ಒಂದು ದಿಕ್ಕನ್ನು ಆರಿಸಿಕೊಂಡು ಎಲ್ಲ ಸಾಲುಗಳಲ್ಲೂ ಅದನ್ನೇ ಪಾಲಿಸಬೇಕು. ನಾವು ‘ಒಂದು ಪರದೇಶದ ಏಕಮಾನಕ್ಕೆ ಎಷ್ಟು ರೂಪಾಯಿ’ ಎಂಬುದನ್ನು ಆರಿಸಿಕೊಳ್ಳೋಣ. ಆಗ ಫ್ರಾಂಕ್‌ನ ಮೊತ್ತವನ್ನು ‘ರೂಪಾಯಿ/ಫ್ರಾಂಕ್’ ದರದಿಂದ ಗುಣಿಸಿದರೆ ಫ್ರಾಂಕ್ ಹೊಡೆದುಹೋಗಿ ರೂಪಾಯಿ ಉಳಿಯುತ್ತದೆ. ಯಾವ ಸಾಲಿನಲ್ಲೂ ಭಾಗಿಸಬೇಕಾದ ಪ್ರಸಂಗ ಬರುವುದಿಲ್ಲ. ಇಲ್ಲಿ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲವೇ ಇರುವುದಿಲ್ಲ.

ವಿಲೋಮ ದರವನ್ನು ಬಿಡುವುದಕ್ಕೆ ಇನ್ನೂ ಒಂದು ಕಾರಣವಿದೆ. ಸಣ್ಣ ಸಂಖ್ಯೆಯನ್ನು ಎರಡು ಮೂರು ದಶಮಾಂಶ ಸ್ಥಾನಗಳಿಗೆ ಮೊಟಕುಗೊಳಿಸಿದಾಗ ದೋಷ ದೊಡ್ಡದಾಗುತ್ತದೆ. 0.00909 ಅನ್ನು ಯಾರಾದರೂ 0.01 ಎಂದು ಬರೆದುಕೊಂಡರೆ ಲೆಕ್ಕ ಶೇ. 10ರಷ್ಟು ತಪ್ಪುತ್ತದೆ. ಯೂರೋ ಜಾರಿಗೆ ಬಂದ ಸಮಯದಲ್ಲಿ ಯುರೋಪಿನ ಒಕ್ಕೂಟ ಇದನ್ನು ನಿಯಮವಾಗಿಯೇ ಬರೆಯಿತು. 1997ರ ಆ ನಿಯಮದಂತೆ ಪರಿವರ್ತನಾ ದರಗಳನ್ನು ‘ಒಂದು ಯೂರೋಗೆ ಇಷ್ಟು’ ಎಂದು ಆರು ಸಾರ್ಥಕ ಅಂಕಿಗಳಲ್ಲಿ ಕೊಡಬೇಕು, ದರವನ್ನು ಮೊಟಕುಗೊಳಿಸಬಾರದು, ವಿಲೋಮ ದರವನ್ನು ಬಳಸಲೇಬಾರದು. ಇಟಲಿಯ ಲೀರಾಕ್ಕೆ ನಿಗದಿಯಾದ ದರ ಒಂದು ಯೂರೋಗೆ 1936.27. ಇದರ ವಿಲೋಮ ಸುಮಾರು 0.000516. ಅದನ್ನು 0.0005 ಎಂದು ಹಿಡಿದು ಒಂದು ಲಕ್ಷ ಲೀರಾವನ್ನು ಪರಿವರ್ತಿಸಿದರೆ 50 ಯೂರೋ ಬರುತ್ತದೆ. ನಿಜವಾದ ಉತ್ತರ 51.65 ಯೂರೋ. ಕೋಟ್ಯಂತರ ಬ್ಯಾಂಕ್ ಖಾತೆಗಳಲ್ಲಿ ಈ ವ್ಯತ್ಯಾಸ ಬಂದರೆ ಏನಾಗುತ್ತದೆಂದು ನೀವೇ ಊಹಿಸಬಹುದು.

ಏಕಮಾನದ ಬಗ್ಗೆ ಇನ್ನೊಂದು ಎಚ್ಚರಿಕೆ. ಭಾರತದಲ್ಲಿ ಪ್ರಕಟವಾಗುವ ಉಲ್ಲೇಖ ದರಗಳಲ್ಲಿ ಜಪಾನಿನ ಯೆನ್ ದರವನ್ನು 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಕೊಡುವುದು ರೂಢಿ. 100 ಯೆನ್‌ಗೆ 58 ರೂಪಾಯಿ ಎಂದಿದ್ದರೆ ಕೋಷ್ಟಕದಲ್ಲಿ 58 ಎಂದು ಬರೆಯದೆ `=58/100` ಎಂದು ಬರೆಯಿರಿ. ಆಗ ಮೂಲ ಸಂಖ್ಯೆಯೂ ಉಳಿಯುತ್ತದೆ, ಏಕಮಾನವೂ ಸರಿಯಾಗುತ್ತದೆ.

ಫ್ರಾಂಕ್‌ನ ದರ ಎಲ್ಲಿಂದ?

ನಮ್ಮಲ್ಲಿ ಡಾಲರ್, ಪೌಂಡ್, ಯೂರೋ, ಯೆನ್‌ಗಳಷ್ಟು ಸುಲಭವಾಗಿ ಸ್ವಿಸ್ ಫ್ರಾಂಕ್‌ನ ಉಲ್ಲೇಖ ದರ ಕಣ್ಣಿಗೆ ಬೀಳುವುದಿಲ್ಲ. ಯುರೋಪಿಯನ್ ಕೇಂದ್ರ ಬ್ಯಾಂಕ್ ಕೆಲಸದ ದಿನಗಳಲ್ಲಿ ಯೂರೋದ ಉಲ್ಲೇಖ ದರಗಳನ್ನು ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ರೂಪಾಯಿಯೂ ಇದೆ, ಫ್ರಾಂಕೂ ಇದೆ. ಆದರೆ ಎರಡೂ ‘ಒಂದು ಯೂರೋಗೆ ಇಷ್ಟು’ ಎಂಬ ರೂಪದಲ್ಲಿವೆ. ಲೆಕ್ಕ ಸುಲಭವಾಗಲೆಂದು ಒಂದು ಯೂರೋಗೆ 104.50 ರೂಪಾಯಿ ಮತ್ತು 0.95 ಫ್ರಾಂಕ್ ಎಂದು ಇಟ್ಟುಕೊಳ್ಳೋಣ. (ಇವು ಕಲ್ಪಿತ ಸಂಖ್ಯೆಗಳು. ನಿಮ್ಮ ಲೆಕ್ಕದಲ್ಲಿ ಆ ದಿನದ ದರವನ್ನೇ ಹಾಕಿ.) ಫ್ರಾಂಕ್‌ಗೆ ಎಷ್ಟು ರೂಪಾಯಿ? ‘ರೂಪಾಯಿ/ಯೂರೋ’ವನ್ನು ‘ಫ್ರಾಂಕ್/ಯೂರೋ’ದಿಂದ ಭಾಗಿಸಿದರೆ ಯೂರೋ ಹೊಡೆದುಹೋಗಿ ‘ರೂಪಾಯಿ/ಫ್ರಾಂಕ್’ ಉಳಿಯುತ್ತದೆ. 104.50 ÷ 0.95 = 110. ಇದನ್ನು ಅಡ್ಡ ದರ ಎನ್ನೋಣ.

ಈಗ `Rates` ಹಾಳೆಯನ್ನು ಹೀಗೆ ತುಂಬಿ. ಮೊದಲ ಸಾಲು ತಲೆಬರಹಕ್ಕೆ. ಹಣಗಳು 2ನೆಯ ಸಾಲಿನಿಂದ 4ನೆಯ ಸಾಲಿನವರೆಗೆ.

| A: ಹಣ | B: ಉಲ್ಲೇಖ ದರ (ರೂ.) | C: ಹೆಚ್ಚುವರಿ | D: ಬಳಸುವ ದರ | E: ದಿನಾಂಕ | F: ಯೂರೋಗೆ ಎಷ್ಟು |
|---|---|---|---|---|---|
| CHF | 110.00 | 4% | 114.40 | | 0.95 |
| EUR | 104.50 | 4% | 108.68 | | 1 |
| INR | 1 | 0% | 1 | | |

ಇದರಲ್ಲಿ 110 ಎಂಬುದು ಬೆರಳಚ್ಚು ಮಾಡಿದ ಸಂಖ್ಯೆಯಲ್ಲ, ಸೂತ್ರದ ಫಲ. `B2` ಮತ್ತು `D2` ಸೆಲ್‌ಗಳ ಸೂತ್ರಗಳು ಕ್ರಮವಾಗಿ ಇವು:

```
=B3/F2
=B2*(1+C2)
```

ಎರಡನೆಯದನ್ನು `D3`ಗೂ ನಕಲಿಸಿ. ರೂಪಾಯಿಯ ಸಾಲಿನ `D4`ರಲ್ಲಿ 1 ಎಂದು ಮಾತ್ರ ಬರೆಯಿರಿ. ರೂಪಾಯಿಗೂ ಒಂದು ಸಾಲು ಬೇಕೇ ಎಂದು ನೀವು ಕೇಳಬಹುದು. ಬೇಕು. ಅದಿದ್ದರೆ ರೂಪಾಯಿಯ ಖರ್ಚಿಗೂ ಪರದೇಶದ ಖರ್ಚಿಗೂ ಒಂದೇ ಸೂತ್ರ ಸಾಕಾಗುತ್ತದೆ, ವಿನಾಯಿತಿಗಳು ಇರುವುದಿಲ್ಲ.

C ಕಾಲಮಿನ ‘ಹೆಚ್ಚುವರಿ’ ಏಕೆ? ಉಲ್ಲೇಖ ದರವೆಂದರೆ ಮಾರುಕಟ್ಟೆಯ ಸ್ಥಿತಿಯನ್ನು ತಿಳಿಸುವ ದರ. ಅದೇ ದರಕ್ಕೆ ನಿಮಗೂ ನನಗೂ ಯಾರೂ ಫ್ರಾಂಕ್ ಮಾರುವುದಿಲ್ಲ. ನಮ್ಮ ಹಲವು ಬ್ಯಾಂಕ್ ಕಾರ್ಡುಗಳಲ್ಲಿ ಪರದೇಶದ ವ್ಯವಹಾರಕ್ಕೆ ಶೇ. 2ರಿಂದ 3.5ರವರೆಗೆ ಶುಲ್ಕವಿರುತ್ತದೆ. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಶುಲ್ಕ 3.5 ಇದ್ದರೆ ಒಟ್ಟು 3.5 × 1.18 = 4.13. ನಾವು 4 ಎಂದು ಹಿಡಿದಿದ್ದೇವೆ. ಇದನ್ನು ದರದೊಳಗೇ ಬೆರೆಸಿ ಬರೆಯದೆ ಬೇರೆ ಕಾಲಮಿನಲ್ಲಿ ಇಟ್ಟಿರುವುದಕ್ಕೆ ಕಾರಣ, ಮಾರುಕಟ್ಟೆಯ ದರ ದಿನವೂ ಬದಲಾಗುತ್ತದೆ, ಬ್ಯಾಂಕಿನ ಶುಲ್ಕ ಹಾಗೆ ಬದಲಾಗುವುದಿಲ್ಲ. ಬೇರೆ ಬೇರೆ ಕಾರಣಗಳಿಂದ ಬದಲಾಗುವ ಎರಡು ಪರಿಮಾಣಗಳಿಗೆ ಬೇರೆ ಬೇರೆ ಸೆಲ್‌ಗಳು ಇರಬೇಕು.

ಅಂತರಜಾಲದಿಂದ ದರವನ್ನು ತಾನಾಗಿಯೇ ತರಿಸುವ ಸೂತ್ರಗಳೂ ಇವೆ. ಗೂಗಲ್ ಶೀಟ್ಸ್‌ನಲ್ಲಿ `=GOOGLEFINANCE("CURRENCY:EURINR")` ಎಂದು ಬರೆದರೆ ಯೂರೋದ ದರ ಬರುತ್ತದೆ. ಕುತೂಹಲಕ್ಕೆ ಇದು ಚೆನ್ನ. ಆದರೆ ಪೋಷಕರ ಸಭೆಯಲ್ಲಿ ತೋರಿಸಿದ ಮೊತ್ತ ಮರುದಿನ ಹಾಳೆ ತೆರೆದಾಗ ಬೇರೆಯಾಗಿದ್ದರೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ದರವನ್ನು ಕೈಯಿಂದ ಬರೆದು E ಕಾಲಮಿನಲ್ಲಿ ದಿನಾಂಕ ಹಾಕಿದರೆ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಇದೇ ಹಾಳೆಯ ಕೆಳಗೆ `B8`ರಲ್ಲಿ ಜನರ ಸಂಖ್ಯೆ 12, `B9`ರಲ್ಲಿ ರಾತ್ರಿಗಳು 5, `B10`ರಲ್ಲಿ ದಿನಗಳು 6 ಎಂದು ಬರೆದಿಡಿ. ಇವೂ ದರಗಳಂತೆ ಒಂದೇ ಕಡೆ ಇರಬೇಕಾದ ಸಂಖ್ಯೆಗಳು.

ಖರ್ಚಿನ ಹಾಳೆ

`Budget` ಹಾಳೆಯಲ್ಲಿ A ಕಾಲಮಿಗೆ ಬಾಬ್ತು, Bಗೆ ಹಣದ ಸಂಕೇತ, Cಗೆ ಬಿಡಿ ಬೆಲೆ, Dಗೆ ಎಷ್ಟು ಎಂಬುದು, Eಗೆ ಆ ಹಣದಲ್ಲೇ ಮೊತ್ತ, Fಗೆ ದರ, Gಗೆ ಅಂದಾಜು ರೂಪಾಯಿ. ಸಂಖ್ಯೆಯನ್ನೂ ಸಂಕೇತವನ್ನೂ ಒಂದೇ ಸೆಲ್‌ನಲ್ಲಿ ‘45 ಯೂರೋ’ ಎಂದು ಬರೆಯಬಾರದು. ಹಾಗೆ ಬರೆದರೆ ಅದು ಪಠ್ಯವಾಗುತ್ತದೆ, ಸಂಖ್ಯೆಯಾಗಿ ಉಳಿಯುವುದಿಲ್ಲ.

| ಸಾಲು | ಬಾಬ್ತು | ಹಣ | ಬಿಡಿ ಬೆಲೆ | ಎಷ್ಟು | ಮೊತ್ತ | ಅಂದಾಜು ರೂ. |
|---|---|---|---|---|---|---|
| 2 | ವಿಮಾನ | INR | 62,000 | 12 | 7,44,000 | 7,44,000 |
| 3 | ವಿಮೆ | INR | 1,500 | 12 | 18,000 | 18,000 |
| 4 | ವೀಸಾ | EUR | 90 | 12 | 1,080 | 1,17,374 |
| 5 | ವಸತಿ | EUR | 45 | 60 | 2,700 | 2,93,436 |
| 6 | ಊಟ | CHF | 30 | 72 | 2,160 | 2,47,104 |
| 7 | ಸ್ಥಳೀಯ ಓಡಾಟ | CHF | 10 | 72 | 720 | 82,368 |
| 8 | ಸೈನ್ಸ್ ಗೇಟ್‌ವೇ ಪ್ರವೇಶ | CHF | 0 | 12 | 0 | 0 |

ವೀಸಾ ಬಿಟ್ಟರೆ ಉಳಿದ ಬೆಲೆಗಳೂ ಉದಾಹರಣೆಗಾಗಿ ಇಟ್ಟುಕೊಂಡವು. ಷೆಂಗೆನ್ ವೀಸಾದ ಶುಲ್ಕ ವಯಸ್ಕರಿಗೆ 2024ರ ಜೂನ್‌ನಿಂದ 90 ಯೂರೋ. ಅದನ್ನು ಇಲ್ಲಿ ರೂಪಾಯಿಯಲ್ಲೇ ಕಟ್ಟಬೇಕಾದರೂ ಶುಲ್ಕ ನಿಗದಿಯಾಗಿರುವುದು ಯೂರೋದಲ್ಲಿ. ಯುರೋಪಿಯನ್ ಕೇಂದ್ರ ಬ್ಯಾಂಕಿನ ಉಲ್ಲೇಖ ದರವನ್ನು ಆಧರಿಸಿ ರೂಪಾಯಿಯ ಮೊತ್ತವನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆ. ಆದ್ದರಿಂದ ಆ ಸಾಲಿನ ಸಂಕೇತ `EUR` ಆಗಿರಬೇಕು, `INR` ಅಲ್ಲ. ಖರ್ಚು ಯಾವ ಹಣದಲ್ಲಿ ಪಾವತಿಯಾಗುತ್ತದೆ ಎಂಬುದಕ್ಕಿಂತ ಯಾವ ಹಣದಲ್ಲಿ ನಿಗದಿಯಾಗಿದೆ ಎಂಬುದು ಮುಖ್ಯ. ಅಧ್ಯಯನಕ್ಕಾಗಿ ಅಥವಾ ಶೈಕ್ಷಣಿಕ ತರಬೇತಿಗಾಗಿ ಹೋಗುವ ವಿದ್ಯಾರ್ಥಿಗಳಿಗೆ ಮತ್ತು ಜೊತೆಗಿರುವ ಶಿಕ್ಷಕರಿಗೆ ಈ ಶುಲ್ಕದಿಂದ ವಿನಾಯಿತಿ ಕೊಡುವ ನಿಯಮವೂ ಇದೆ. ನಿಮ್ಮ ಪ್ರವಾಸಕ್ಕೆ ಅದು ಅನ್ವಯಿಸುತ್ತದೆಂದು ಬರಹದಲ್ಲಿ ತಿಳಿದ ಮೇಲೆ ಆ ಸಾಲಿಗೆ ಸೊನ್ನೆ ಹಾಕಿ; ಅಲ್ಲಿಯವರೆಗೆ ಪೂರ್ಣ ಶುಲ್ಕ ಇರಲಿ. 2023ರ ಅಕ್ಟೋಬರ್‌ನಲ್ಲಿ ಸೆರ್ನ್ ತೆರೆದ ಸೈನ್ಸ್ ಗೇಟ್‌ವೇ ವಿಜ್ಞಾನ ಕೇಂದ್ರಕ್ಕೆ ಪ್ರವೇಶ ಉಚಿತ. ಆದರೂ ಅದರ ಸಾಲನ್ನು ಬಿಟ್ಟಿಲ್ಲ. ಸೊನ್ನೆ ಎಂದು ಬರೆದಿದ್ದರೆ ‘ಇದನ್ನು ಯೋಚಿಸಿಯಾಗಿದೆ’ ಎಂದು ತಿಳಿಯುತ್ತದೆ. ಸಾಲೇ ಇಲ್ಲದಿದ್ದರೆ ಮರೆತಿದ್ದೋ ಉಚಿತವೋ ಗೊತ್ತಾಗುವುದಿಲ್ಲ.

5ನೆಯ ಸಾಲಿನ ‘ಎಷ್ಟು’ ಕಾಲಮಿಗೆ 60 ಎಂದು ಬೆರಳಚ್ಚು ಮಾಡದೆ ಹೀಗೆ ಬರೆಯಿರಿ:

```
=Rates!$B$8*Rates!$B$9
```

ಬಿಡಿ ಬೆಲೆಯ ಏಕಮಾನ ಇಲ್ಲಿ ಯೂರೋ/(ವ್ಯಕ್ತಿ·ರಾತ್ರಿ). ವ್ಯಕ್ತಿಗಳಿಂದಲೂ ರಾತ್ರಿಗಳಿಂದಲೂ ಗುಣಿಸಿದಾಗ ಯೂರೋ ಉಳಿಯುತ್ತದೆ. ಉಳಿದ ಸಾಲುಗಳಲ್ಲೂ ಜನ ಮತ್ತು ದಿನಗಳನ್ನು ಹೀಗೆಯೇ ಸೂಚಿಸಿ. ಇಬ್ಬರು ಬರುವುದಿಲ್ಲ ಎಂದಾದರೆ `B8`ರಲ್ಲಿ 10 ಎಂದು ತಿದ್ದಿದರೆ ಸಾಕು.

ಈಗ ಮುಖ್ಯ ಸೂತ್ರಗಳು. `E2`, `F2`, `G2` ಸೆಲ್‌ಗಳಲ್ಲಿ ಕ್ರಮವಾಗಿ ಹೀಗೆ ಬರೆದು 8ನೆಯ ಸಾಲಿನವರೆಗೆ ನಕಲಿಸಿ:

```
=C2*D2
=VLOOKUP(B2,Rates!$A$2:$D$4,4,FALSE)
=E2*F2
```

ನಡುವಿನ ಸೂತ್ರ ಹೇಳುವುದಿಷ್ಟು: `B2`ರಲ್ಲಿರುವ ಸಂಕೇತವನ್ನು ದರಕೋಷ್ಟಕದ ಮೊದಲ ಕಾಲಮಿನಲ್ಲಿ ಹುಡುಕು, ಸಿಕ್ಕ ಸಾಲಿನ 4ನೆಯ ಕಾಲಮಿನ ಸಂಖ್ಯೆಯನ್ನು ಕೊಡು. ಡಾಲರ್ ಚಿಹ್ನೆಗಳು ಇಲ್ಲಿ ಹಣವಲ್ಲ. ಸೂತ್ರವನ್ನು ಕೆಳಗೆ ನಕಲಿಸಿದಾಗ ಕೋಷ್ಟಕದ ವಿಳಾಸ ಜಾರದಂತೆ ಹಿಡಿದಿಡುವ ಮೊಳೆಗಳು. ಅವನ್ನು ಬಿಟ್ಟರೆ 4ನೆಯ ಸಾಲಿನಿಂದಲೇ `#N/A` ಎಂದು ಕಾಣತೊಡಗುತ್ತದೆ. ಅದು ಒಳ್ಳೆಯ ದೋಷ, ಏಕೆಂದರೆ ಅದು ಕೂಗಿ ಹೇಳುತ್ತದೆ.

ಕೊನೆಯ `FALSE` ಬಿಟ್ಟುಹೋದರೆ ಆಗುವ ದೋಷ ಹಾಗಲ್ಲ. ಆಗ ಸ್ಪ್ರೆಡ್‌ಶೀಟು ‘ಸರಿಯಾಗಿ ಹೊಂದುವುದು ಸಿಗದಿದ್ದರೆ ಅದಕ್ಕಿಂತ ಹಿಂದಿನದನ್ನು ತೆಗೆದುಕೊ’ ಎಂಬ ರೀತಿಯಲ್ಲಿ ಹುಡುಕುತ್ತದೆ. ನಮ್ಮ ಕೋಷ್ಟಕ ಅಕಾರಾದಿಯಲ್ಲೇ ಇರುವುದರಿಂದ ಮೂರೂ ಹಣಗಳಿಗೆ ಸರಿಯಾದ ಉತ್ತರವೇ ಬರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಒಂದು ದಿನ ಲಂಡನ್ ನಿಲ್ದಾಣದಲ್ಲಿ ಊಟಕ್ಕೆಂದು ತಲಾ 8 ಪೌಂಡಿನಂತೆ 96 ಪೌಂಡಿನ ಸಾಲೊಂದನ್ನು `GBP` ಎಂಬ ಸಂಕೇತದೊಂದಿಗೆ ಸೇರಿಸುತ್ತೀರಿ, ದರಕೋಷ್ಟಕಕ್ಕೆ ಪೌಂಡನ್ನು ಸೇರಿಸಲು ಮರೆಯುತ್ತೀರಿ ಎಂದುಕೊಳ್ಳಿ. ಅಕಾರಾದಿಯಲ್ಲಿ `GBP`ಗಿಂತ ಹಿಂದಿರುವುದು `EUR`. ಸೂತ್ರ ಯೂರೋದ 108.68 ಅನ್ನೇ ಕೊಟ್ಟು 10,433 ರೂಪಾಯಿ ಎಂದು ತೋರಿಸುತ್ತದೆ. ಪೌಂಡಿಗೆ ಎಲ್ಲ ಸೇರಿ 130 ರೂಪಾಯಿ ಇದ್ದರೆ ಆಗಬೇಕಾದ್ದು 12,480. ತಪ್ಪು ಉತ್ತರ ನೋಡಲು ಸರಿಯಾಗಿಯೇ ಇದೆ. ಅಪಾಯ ಇರುವುದು ಅಲ್ಲೇ. `FALSE` ಇದ್ದಿದ್ದರೆ `#N/A` ಬಂದು ಕೋಷ್ಟಕದಲ್ಲಿ ಪೌಂಡ್ ಇಲ್ಲವೆಂಬುದು ಕೂಡಲೇ ತಿಳಿಯುತ್ತಿತ್ತು.

ಎಲ್ಲ ಸರಿಯಿದ್ದರೆ G ಕಾಲಮಿನ ಮೊತ್ತ 15,02,282 ರೂಪಾಯಿ, ತಲಾ 1,25,190. ಶೇ. 4ರ ಹೆಚ್ಚುವರಿಯನ್ನು ಸೇರಿಸದೆ ಬರೀ ಉಲ್ಲೇಖ ದರದಲ್ಲಿ ಲೆಕ್ಕ ಹಾಕಿದ್ದರೆ 14,73,810 ಬರುತ್ತಿತ್ತು. 28,472 ರೂಪಾಯಿಯ ಕೊರತೆ ಹೊರಡುವ ಮೊದಲೇ ಲೆಕ್ಕದೊಳಗೆ ಅಡಗಿ ಕೂರುತ್ತಿತ್ತು.

ಎರಡು ದಾರಿಯಲ್ಲಿ ಒಂದೇ ಉತ್ತರ

ಪ್ರಯೋಗಶಾಲೆಯಲ್ಲಿ ಒಂದು ಪರಿಮಾಣವನ್ನು ಎರಡು ಸ್ವತಂತ್ರ ವಿಧಾನಗಳಿಂದ ಅಳೆದು ಹೋಲಿಸುತ್ತೇವೆ. ಇಲ್ಲಿಯೂ ಹಾಗೆ ಮಾಡಬಹುದು. ಇಲ್ಲಿಯವರೆಗೆ ಪ್ರತಿ ಸಾಲನ್ನು ರೂಪಾಯಿಗೆ ತಿರುಗಿಸಿ ಕೂಡಿಸಿದೆವು. ಈಗ ಮೊದಲು ಹಣವಾರು ಕೂಡಿಸಿ, ಆಮೇಲೆ ರೂಪಾಯಿಗೆ ತಿರುಗಿಸೋಣ. `Rates` ಹಾಳೆಯ `G2`ರಲ್ಲಿ ಹೀಗೆ ಬರೆದು `G4`ರವರೆಗೆ ನಕಲಿಸಿ:

```
=SUMIF(Budget!$B$2:$B$8,A2,Budget!$E$2:$E$8)
```

2,880 ಫ್ರಾಂಕ್, 3,780 ಯೂರೋ, 7,62,000 ರೂಪಾಯಿ ಎಂದು ಬರಬೇಕು. ಬಳಿಕ `G6`ರಲ್ಲಿ `=SUMPRODUCT(D2:D4,G2:G4)` ಎಂದು ಬರೆದರೆ 15,02,282 ಬರುತ್ತದೆ. ಇದು `Budget` ಹಾಳೆಯ ಮೊತ್ತಕ್ಕೆ ಸರಿಹೊಂದಬೇಕು. ಯಾರಾದರೂ G ಕಾಲಮಿನ ಸೂತ್ರದ ಮೇಲೆ ಸಂಖ್ಯೆಯನ್ನೇ ಬೆರಳಚ್ಚು ಮಾಡಿದ್ದರೆ ಇವತ್ತು ವ್ಯತ್ಯಾಸ ಕಾಣದಿರಬಹುದು. ದರ ಬದಲಾದ ದಿನ ಎರಡು ಮೊತ್ತಗಳೂ ಬೇರೆಯಾಗಿ ಗುಟ್ಟು ಹೊರಬೀಳುತ್ತದೆ. ಮೇಲೆ ಹೇಳಿದ ಪೌಂಡಿನ ತಪ್ಪೂ ಇಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಹಣವಾರು ಮೊತ್ತದಲ್ಲಿ ಪೌಂಡಿಗೆ ಜಾಗವಿಲ್ಲ.

ಈ ಪರೀಕ್ಷೆಗೆ ಸಿಗದ ದೋಷವೂ ಒಂದಿದೆ. ಫ್ರಾನ್ಸಿನಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. ಹನ್ನೆರಡೂವರೆ ಯೂರೋವನ್ನು 12,50 ಎಂದು ಬರೆಯುತ್ತಾರೆ. ಅದನ್ನು ಹಾಗೆಯೇ ನಕಲಿಸಿದರೆ ತಂತ್ರಾಂಶವನ್ನು ಅವಲಂಬಿಸಿ ಅದು ಪಠ್ಯವಾಗಬಹುದು ಅಥವಾ 1250 ಆಗಬಹುದು. ಪಠ್ಯವಾದುದನ್ನು ಹಿಡಿಯಲು `=COUNT(C2:C8)` ಎಂದು ಬರೆದು ನೋಡಿ. ಅದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ನಮಗೆ 7 ಬರಬೇಕು. 1250 ಆದುದನ್ನು ಹಿಡಿಯಲು ಸೂತ್ರವಿಲ್ಲ. ಒಂದು ಊಟಕ್ಕೆ 1250 ಯೂರೋ ಆಗಲಾರದು ಎಂಬ ಪರಿಮಾಣದ ಅಂದಾಜು ನೋಡುವವರ ತಲೆಯಲ್ಲಿರಬೇಕು.

ಕಟ್ಟಿದ ಹಣಕ್ಕೆ ದರವಿಲ್ಲ

ದರಕೋಷ್ಟಕ ಮುಂದಿನ ಖರ್ಚಿಗೆ ಮಾತ್ರ ಸಂಬಂಧಿಸಿದ್ದು. ವಸತಿಗೆ ಹಣ ಕಟ್ಟಿದ ಮೇಲೆ ಯೂರೋ ಏರಿದರೂ ಇಳಿದರೂ ನಿಮ್ಮ ಖರ್ಚು ಬದಲಾಗುವುದಿಲ್ಲ. ಆದರೆ ಇಲ್ಲಿಯವರೆಗಿನ ಸೂತ್ರಗಳಿಗೆ ಅದು ಗೊತ್ತಿಲ್ಲ. ಅದಕ್ಕಾಗಿ `Budget` ಹಾಳೆಯ H ಕಾಲಮಿನಲ್ಲಿ ‘ನಿಜವಾಗಿ ಕಟ್ಟಿದ ರೂಪಾಯಿ’ ಎಂದು ಬರೆಯಲು ಜಾಗ ಮಾಡಿ, `I2`ರಲ್ಲಿ ಹೀಗೆ ಬರೆದು ಕೆಳಗೆ ನಕಲಿಸಿ:

```
=IF(H2="",G2,H2)
```

H ಖಾಲಿಯಿದ್ದರೆ ಅಂದಾಜು, ತುಂಬಿದ್ದರೆ ನಿಜವಾದ ಮೊತ್ತ. ಇನ್ನು ಮುಂದೆ ಪ್ರವಾಸದ ಒಟ್ಟು ಖರ್ಚೆಂದರೆ I ಕಾಲಮಿನ ಮೊತ್ತ.

ಈ ಕಾಲಮಿನಿಂದ ಇನ್ನೊಂದು ಉಪಯೋಗವಿದೆ. 2,700 ಯೂರೋ ವಸತಿಗೆ ಕಾರ್ಡಿನಲ್ಲಿ ಕಟ್ಟಿದಾಗ ಖಾತೆಯಿಂದ, ಶುಲ್ಕವೆಲ್ಲ ಸೇರಿ, 2,96,000 ರೂಪಾಯಿ ಹೋಯಿತು ಎನ್ನೋಣ. ಅಂದರೆ ಯೂರೋಗೆ 109.63 ರೂಪಾಯಿ ಬಿದ್ದಂತಾಯಿತು. ಆ ದಿನದ ಉಲ್ಲೇಖ ದರ 105 ಇದ್ದಿದ್ದರೆ 109.63 ÷ 105 = 1.044. ಅಂದರೆ ನಮ್ಮ ಹೆಚ್ಚುವರಿ ನಿಜವಾಗಿ ಶೇ. 4.4. ಊಹಿಸಿದ್ದ 4ರ ಜಾಗದಲ್ಲಿ ಈಗ ಅಳೆದ ಸಂಖ್ಯೆ ಸಿಕ್ಕಿತು. ಅದನ್ನು C ಕಾಲಮಿನಲ್ಲಿ ತಿದ್ದಿದರೆ ಇನ್ನೂ ಕಟ್ಟದಿರುವ ಖರ್ಚಿನ ಅಂದಾಜು ಉತ್ತಮವಾಗುತ್ತದೆ. ಮೊದಲ ಪಾವತಿಯೇ ಉಪಕರಣದ ಅಳತೆಯನ್ನು ಸರಿಪಡಿಸಿಕೊಳ್ಳುವ ಅವಕಾಶ.

ದರ ಏರಿದರೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರತಿ ಮನೆಯಿಂದ ಎಷ್ಟು ಕೇಳಬೇಕು? ಹಣ ಸಂಗ್ರಹಿಸುವ ದಿನಕ್ಕೂ ಖರ್ಚು ಮಾಡುವ ದಿನಕ್ಕೂ ನಡುವೆ ದರ ಏರಬಹುದು. ಅದನ್ನು ಪರೀಕ್ಷಿಸಲು `Rates` ಹಾಳೆಯ `B11`ರಲ್ಲಿ 5% ಎಂದು ಬರೆದು, `D2` ಮತ್ತು `D3`ರ ಸೂತ್ರವನ್ನು ಹೀಗೆ ತಿದ್ದಿ:

```
=B2*(1+C2)*(1+$B$11)
```

`D4`ನ್ನು ಮುಟ್ಟಬೇಡಿ. ರೂಪಾಯಿಗೆ ರೂಪಾಯಿಯ ದರ ಯಾವಾಗಲೂ ಒಂದೇ. `B11`ರಲ್ಲಿ ಸೊನ್ನೆ ಹಾಕಿದರೆ ಮೊದಲಿನ ಲೆಕ್ಕ ಮರಳಿ ಬರುತ್ತದೆ.

ಏನನ್ನೂ ಕಟ್ಟದ ಸ್ಥಿತಿಯಲ್ಲಿ ಶೇ. 5ರ ಏರಿಕೆಯಿಂದ ಯೂರೋದ ಖರ್ಚು 20,541 ರೂಪಾಯಿಯಷ್ಟು, ಫ್ರಾಂಕ್‌ನ ಖರ್ಚು 16,474 ರೂಪಾಯಿಯಷ್ಟು ಹೆಚ್ಚುತ್ತದೆ. ಎರಡನ್ನೂ ಸೇರಿಸಿದರೆ 37,014. ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಏಳಬೇಕು. ಎರಡು ದೋಷಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕಲ್ಲವೇ? ಹಾಗೆ ಮಾಡಿದರೆ 26,330 ಬರುತ್ತದೆ, ಮೀಸಲು ಹಣ ಹತ್ತು ಸಾವಿರಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಆ ನಿಯಮ ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳಿಗೆ ಮಾತ್ರ. ಇಲ್ಲಿ ಎರಡು ದರಗಳಲ್ಲೂ ರೂಪಾಯಿ ಇದೆ. ರೂಪಾಯಿ ಕುಸಿದರೆ ಯೂರೋ ಮತ್ತು ಫ್ರಾಂಕ್ ಎರಡೂ ಒಟ್ಟಿಗೆ ದುಬಾರಿಯಾಗುತ್ತವೆ. ಒಂದೇ ಅಳತೆಗೋಲಿನ ದೋಷ ಎರಡು ಅಳತೆಗಳಲ್ಲೂ ಒಂದೇ ದಿಕ್ಕಿಗೆ ಬರುವಂತೆ ಇದು. ಆದ್ದರಿಂದ ನೇರವಾಗಿ ಕೂಡಿಸುವುದೇ ಸರಿ.

ಯೂರೋ ಮತ್ತು ಫ್ರಾಂಕ್ ನಡುವಿನ ಅಡ್ಡ ದರವೂ ಸ್ಥಿರವೆಂದು ನಂಬುವಂತಿಲ್ಲ. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗಿಳಿಯದಂತೆ ಸ್ವಿಸ್ ರಾಷ್ಟ್ರೀಯ ಬ್ಯಾಂಕು 2011ರ ಸೆಪ್ಟೆಂಬರ್‌ನಿಂದ ಕಾಪಾಡಿಕೊಂಡು ಬಂದಿತ್ತು. 2015ರ ಜನವರಿ 15ರಂದು ಆ ಮಿತಿಯನ್ನು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. ಅದೇ ದಿನ ಯೂರೋ ಸುಮಾರು ಒಂದು ಫ್ರಾಂಕ್‌ಗೆ ಕುಸಿಯಿತು. ಅಂದರೆ ಯೂರೋಗೆ ಹೋಲಿಸಿದರೆ ಫ್ರಾಂಕ್ ಒಂದೇ ದಿನದಲ್ಲಿ ಶೇ. 20ರಷ್ಟು ದುಬಾರಿಯಾಯಿತು. `F2`ರಲ್ಲಿ ಹಳೆಯ ಸಂಖ್ಯೆಯನ್ನೇ ಬಿಟ್ಟು ಬರೀ ಯೂರೋದ ದರವನ್ನು ತಿದ್ದುತ್ತಿದ್ದವರಿಗೆ ಅಂದು ಲೆಕ್ಕ ತಪ್ಪುತ್ತಿತ್ತು. `B3` ಮತ್ತು `F2` ಎರಡನ್ನೂ ಒಂದೇ ದಿನದ ಪಟ್ಟಿಯಿಂದ ತೆಗೆದುಕೊಳ್ಳಬೇಕು.

ನಮ್ಮ ಉದಾಹರಣೆಯಲ್ಲಿ 37,014 ರೂಪಾಯಿ ಎಂದರೆ ತಲಾ 3,085. ಮೊದಲಿನ 1,25,190ಕ್ಕೆ ಇದನ್ನು ಸೇರಿಸಿ 1,28,300 ರೂಪಾಯಿ ಕೇಳಿದರೆ ಶೇ. 5ರ ಏರಿಕೆಯನ್ನು ತಾಳಿಕೊಳ್ಳಬಹುದು. ಈ ಮೀಸಲನ್ನು ಕಡಿಮೆ ಮಾಡುವ ದಾರಿಯೂ ಹಾಳೆಯಲ್ಲೇ ಕಾಣುತ್ತದೆ. ಇನ್ನೂ ಕಟ್ಟದಿರುವ ಯೂರೋ ಎಷ್ಟೆಂದು ಈ ಸೂತ್ರ ತೋರಿಸುತ್ತದೆ:

```
=SUMIFS(Budget!$E$2:$E$8,
 Budget!$B$2:$B$8,"EUR",Budget!$H$2:$H$8,"=")
```

ವಸತಿಯ 2,700 ಯೂರೋವನ್ನು ಮೊದಲೇ ಕಟ್ಟಿದರೆ ಇಲ್ಲಿ 1,080 ಮಾತ್ರ ಉಳಿಯುತ್ತದೆ. ಆಗ ಶೇ. 5ರ ಏರಿಕೆಗೆ ಬೇಕಾಗುವ ಮೀಸಲು 37,014ರಿಂದ 22,342ಕ್ಕೆ ಇಳಿಯುತ್ತದೆ. ಪಾವತಿ ಹಿಂದಿರುಗದ ಷರತ್ತಿದ್ದರೆ, ದರದ ಅಪಾಯ ಕಡಿಮೆಯಾದಂತೆ ಪ್ರವಾಸವೇ ರದ್ದಾಗುವ ಅಪಾಯದ ಬೆಲೆ ಹೆಚ್ಚುತ್ತದೆ ಎಂಬುದನ್ನೂ ನೆನಪಿಡಿ. ಆ ಆಯ್ಕೆಯನ್ನು ಸೂತ್ರ ಮಾಡಲಾರದು. ಪೋಷಕರ ಮುಂದೆ ಎರಡೂ ಸಂಖ್ಯೆಗಳನ್ನು ಇಟ್ಟು ಶಿಕ್ಷಕರೇ ಮಾಡಬೇಕು.